ಒಂದು ವರ್ಷದಿಂದ ದಾರಿಯಲ್ಲೇ ಇದ್ದ ಮಾಲು: ಹೆಡ್ ಆಫೀಸು–ಶಾಖೆ ಲೆಕ್ಕದ ಒಂದು ಪ್ರಕರಣ

ಹೆಡ್ ಆಫೀಸು ಹಾಸನದಲ್ಲಿ, ಶಾಖೆ ಚಿಕ್ಕಮಗಳೂರಿನಲ್ಲಿ. ಕಾಫಿ ತೋಟದವರಿಗೆ ಪಂಪು, ಪವರ್ ಸ್ಪ್ರೇಯರ್, ಹೋಸ್, ಬಿಡಿಭಾಗ ಮಾರುವ ಪಾಲುದಾರಿಕೆ ವ್ಯಾಪಾರ. ಯಾರೆಂದು ಗೊತ್ತಾಗದ ಹಾಗೆ ಕೆಲವು ವಿವರ, ಮೊತ್ತ ಬದಲಿಸಿದ್ದೇನೆ. ಲೆಕ್ಕ ತಪ್ಪಿದ ಬಗೆ, ಅದು ಸಿಕ್ಕ ಬಗೆ ಮಾತ್ರ ಇದ್ದ ಹಾಗೇ ಇದೆ.

2024ರ ಏಪ್ರಿಲ್ ಎರಡನೇ ವಾರ ವರ್ಷದ ಲೆಕ್ಕ ಮುಗಿಸಲು ಅಲ್ಲಿಗೆ ಹೋಗಿದ್ದೆ. ಹೆಡ್ ಆಫೀಸಿನ ಅಕೌಂಟೆಂಟ್ ಕಾಫಿ ತರಿಸಿ, ಕುಡಿಯುವ ಮೊದಲೇ ವಿಷಯ ಹೇಳಿಬಿಟ್ಟರು. "ಸಾರ್, ಬ್ರಾಂಚ್ ಖಾತೆ ಎರಡು ಲಕ್ಷ ಚಿಲ್ಲರೆ ಕೂಡ್ತಾ ಇಲ್ಲ. ಹೋದ ವರ್ಷದ ಥರಾನೇ ದಾರಿಯಲ್ಲಿರೋ ಮಾಲು ಅಂತ ತೋರಿಸಿಬಿಡೋಣ್ವಾ?"

ಹೋದ ವರ್ಷದ ಥರಾನೇ ಎಂದಾಗ ನನಗೆ ಕಿವಿ ನೆಟ್ಟಗಾಯಿತು.

ಎರಡು ಪುಸ್ತಕ, ಒಂದೇ ಬಾಕಿ

ಈ ಶಾಖೆ ತನ್ನ ಲೆಕ್ಕವನ್ನು ತಾನೇ ಪೂರ್ತಿ ಬರೆಯುತ್ತದೆ. ಅಲ್ಲಿ ಒಬ್ಬರು ಮೇಡಂ ಇದ್ದಾರೆ, ಬೇರೆ ಕಂಪ್ಯೂಟರು, ಬೇರೆ ಟ್ಯಾಲಿ. ಹಾಸನದ ಪುಸ್ತಕದಲ್ಲಿ 'ಚಿಕ್ಕಮಗಳೂರು ಶಾಖೆ' ಎಂಬ ಖಾತೆ ಇದೆ, ಶಾಖೆಯ ಪುಸ್ತಕದಲ್ಲಿ 'ಹೆಡ್ ಆಫೀಸು' ಎಂಬ ಖಾತೆ. ಟ್ಯಾಲಿಯಲ್ಲಿ ಎರಡೂ `Branch / Divisions` ಗುಂಪಿನಲ್ಲಿ ಕೂರುತ್ತವೆ.

ಹಾಸನ ಮಾಲು ಕಳಿಸಿದರೆ ಅಲ್ಲಿ ಶಾಖೆಯ ಖಾತೆಗೆ ಡೆಬಿಟ್. ಅದೇ ಮಾಲು ಶಾಖೆಗೆ ಬಂದಾಗ ಇಲ್ಲಿ ಹೆಡ್ ಆಫೀಸಿನ ಖಾತೆಗೆ ಕ್ರೆಡಿಟ್. ಶಾಖೆ ದುಡ್ಡು ಕಳಿಸಿದರೆ ಉಲ್ಟಾ. ಹಾಗಾಗಿ ಹಾಸನದಲ್ಲಿ ಎಷ್ಟು ಡೆಬಿಟ್ ಬಾಕಿ ನಿಂತಿದೆಯೋ ಶಾಖೆಯಲ್ಲಿ ಅಷ್ಟೇ ಕ್ರೆಡಿಟ್ ಬಾಕಿ ನಿಲ್ಲಬೇಕು. ಎರಡೂ ಪುಸ್ತಕ ಸೇರಿಸಿ ಒಂದು ಬ್ಯಾಲೆನ್ಸ್ ಶೀಟ್ ಮಾಡುವಾಗ ಇವೆರಡೂ ಒಂದನ್ನೊಂದು ಹೊಡೆದುಹಾಕಿ ಮಾಯವಾಗಬೇಕು. ಏನಾದರೂ ಉಳಿದರೆ ಅದನ್ನು ಎಲ್ಲಿ ಇಡೋದು ಅನ್ನುವ ಪ್ರಶ್ನೆ ಬರುತ್ತದೆ, ಅಲ್ವಾ? ಆ ಇಕ್ಕಟ್ಟಿನಲ್ಲೇ ಜನ ಅಡ್ಡದಾರಿ ಹಿಡಿಯುವುದು.

ಮಾರ್ಚ್ 31, 2024ಕ್ಕೆ ಹಾಸನದ ಪುಸ್ತಕದಲ್ಲಿ ಶಾಖೆಯ ಖಾತೆ 18,64,350 ರೂಪಾಯಿ ಡೆಬಿಟ್. ಶಾಖೆಯ ಪುಸ್ತಕದಲ್ಲಿ ಹೆಡ್ ಆಫೀಸಿನ ಖಾತೆ 16,58,250 ಕ್ರೆಡಿಟ್. ವ್ಯತ್ಯಾಸ 2,06,100.

ಈ ವ್ಯತ್ಯಾಸಕ್ಕೆ ಕೈ ಹಾಕುವ ಮೊದಲು ನಾನು ವರ್ಷದ ಆರಂಭದ ಬಾಕಿ ನೋಡಿದೆ. ಅದು ಎರಡೂ ಕಡೆ ಸರಿಯಾಗಿ ಕೂಡಿತ್ತು. ಆರಂಭ ಕೂಡಿದ್ದರೆ ತಪ್ಪೆಲ್ಲ ಈ ಹನ್ನೆರಡು ತಿಂಗಳಲ್ಲೇ ಇದೆ ಎಂದು ಹುಡುಕಾಟ ಚಿಕ್ಕದಾಗುತ್ತದೆ. ಆದರೆ ಅದು ತಾನಾಗಿ ಕೂಡಿತ್ತೋ, ಯಾರಾದರೂ ಕೂಡಿಸಿದ್ದರೋ? ಅದಕ್ಕೆ ಉತ್ತರ ಹಾಸನದ ಟ್ರಯಲ್ ಬ್ಯಾಲೆನ್ಸಿನಲ್ಲೇ ಇತ್ತು: 'ದಾರಿಯಲ್ಲಿರುವ ಮಾಲು', 58,200 ಡೆಬಿಟ್. ಲೆಡ್ಜರ್ ತೆಗೆದೆ. 2023ರ ಮಾರ್ಚ್ 31ರ ಒಂದೇ ಒಂದು ಜರ್ನಲ್ ನಮೂದು. ಅದಾದ ಮೇಲೆ ಇಡೀ ವರ್ಷ ಒಂದು ಸಾಲೂ ಇಲ್ಲ.

"ಹಾಸನದಿಂದ ಚಿಕ್ಕಮಗಳೂರಿಗೆ ಬೇಲೂರಿನ ಮೇಲೆ ಹೋದರೆ ಎಷ್ಟು ದೂರ?" ಎಂದು ಕೇಳಿದೆ.

"ಅರವತ್ತು ಕಿಲೋಮೀಟರು, ಹೆಚ್ಚುಕಮ್ಮಿ."

"ಮತ್ತೆ ಈ ಮಾಲು ಒಂದು ವರ್ಷದಿಂದ ಎಲ್ಲಿ ನಿಂತಿದೆ?"

ಅವರು ನಕ್ಕರು. ಆಮೇಲೆ ನಗು ನಿಲ್ಲಿಸಿದರು.

ಹಳೆಯ 58,200

ನಿಜವಾಗಿ ದಾರಿಯಲ್ಲಿರುವ ಮಾಲಿಗೆ ಒಂದು ಗುಣ ಇದೆ. ಅದು ತಲುಪುತ್ತದೆ. ಮಾರ್ಚ್ ಕೊನೆಗೆ ಲಾರಿಯಲ್ಲಿದ್ದದ್ದು ಏಪ್ರಿಲ್ ಮೊದಲ ವಾರದಲ್ಲಿ ಶಾಖೆಯ ಪುಸ್ತಕಕ್ಕೆ ಬರಲೇಬೇಕು. ಬಂದ ದಿನ ಆ ಖಾತೆ ಸೊನ್ನೆಯಾಗಬೇಕು. ಇಲ್ಲಿ ಏಪ್ರಿಲ್ 2023ರಲ್ಲಿ ಶಾಖೆಗೆ 58,200ರ ಮಾಲು ಬಂದೇ ಇರಲಿಲ್ಲ. ಮಾರ್ಚ್ ಕೊನೆಯ ವಾರ ಹಾಸನದಿಂದ ಏನೂ ಹೊರಟಿರಲಿಲ್ಲ ಎಂದು ಡೆಲಿವರಿ ಚಲನ್ ಪುಸ್ತಕವೂ ಹೇಳಿತು. ಅಂದರೆ ಅವತ್ತಿನ ವ್ಯತ್ಯಾಸಕ್ಕೆ ಒಂದು ಹೆಸರು ಕೊಟ್ಟಿದ್ದರು, ಅಷ್ಟೇ.

ನಮೂದು ಹೀಗಿತ್ತು: ದಾರಿಯಲ್ಲಿರುವ ಮಾಲಿಗೆ ಡೆಬಿಟ್, ಶಾಖೆಯ ಖಾತೆಗೆ ಕ್ರೆಡಿಟ್. ಅಂದರೆ ಆಗ ಹಾಸನದ ಬಾಕಿ ಶಾಖೆಯದಕ್ಕಿಂತ 58,200 ಜಾಸ್ತಿ ಇತ್ತು. ಹಳೇ ಕಾಲದ ಗುಮಾಸ್ತರು ಇಂಥ ಕಡೆ ಮೊದಲು ಮೊತ್ತವನ್ನು ಅರ್ಧ ಮಾಡುತ್ತಿದ್ದರು. ಡೆಬಿಟ್ ಮಾಡಬೇಕಾದದ್ದನ್ನು ಕ್ರೆಡಿಟ್ ಮಾಡಿದರೆ, ಅಥವಾ ಕ್ರೆಡಿಟ್ ಮಾಡಬೇಕಾದದ್ದನ್ನು ಡೆಬಿಟ್ ಮಾಡಿದರೆ, ತಪ್ಪು ಎರಡು ಪಟ್ಟಾಗಿ ಕಾಣುತ್ತದೆ. 58,200ರ ಅರ್ಧ 29,100. ಆ ಮೊತ್ತವನ್ನು ಎರಡೂ ಪುಸ್ತಕದಲ್ಲಿ ಹುಡುಕಿದೆವು. 2023ರ ಫೆಬ್ರವರಿಯಲ್ಲಿ ಸಿಕ್ಕಿತು.

ಶಾಖೆ ಮಾರಾಟವಾಗದ ಪಂಪುಗಳನ್ನು ಹಾಸನಕ್ಕೆ ವಾಪಸ್ ಕಳಿಸಿತ್ತು. ಶಾಖೆಯ ಮೇಡಂ ಹೆಡ್ ಆಫೀಸಿನ ಖಾತೆಗೆ 29,100 ಡೆಬಿಟ್ ಮಾಡಿದ್ದರು. ಅದು ಸರಿ. ಹಾಸನದಲ್ಲಿ ಅವತ್ತು ಕೂತಿದ್ದ ಹುಡುಗ ಅದೇ ಚಲನನ್ನು ನೋಡಿ, ಅಭ್ಯಾಸ ಬಲದಿಂದ, ಶಾಖೆಗೆ ಮಾಲು ಕಳಿಸಿದ ನಮೂದನ್ನೇ ಹಾಕಿದ್ದ. ಶಾಖೆಯ ಖಾತೆಗೆ ಕ್ರೆಡಿಟ್ ಆಗುವ ಬದಲು ಡೆಬಿಟ್. ಚಲನಿನ ತಲೆಯಲ್ಲಿ 'ವಾಪಸ್' ಎಂದು ಪೆನ್ಸಿಲಿನಲ್ಲಿ ಬರೆದಿತ್ತು. ಅದೂ ಅರ್ಧ ಅಳಿಸಿಹೋಗಿತ್ತು.

ಇದು ಬರೀ ಖಾತೆ ಕೂಡದ ತೊಂದರೆ ಆಗಿದ್ದರೆ ಚಿಂತೆ ಇರಲಿಲ್ಲ. ಹಾಸನದಲ್ಲಿ 'ಶಾಖೆಗೆ ಕಳಿಸಿದ ಮಾಲು' ಖಾತೆಯಿಂದ 29,100 ಕಳೆಯಬೇಕಿತ್ತು, ಅದರ ಬದಲು 29,100 ಸೇರಿತ್ತು. ಆ ಖಾತೆ 58,200 ಉಬ್ಬಿತ್ತು. ಎರಡೂ ಪುಸ್ತಕ ಸೇರಿಸಿದಾಗ ಆ ಉಬ್ಬು ನೇರವಾಗಿ ಲಾಭಕ್ಕೆ ಹೋಗಿ ಕೂತಿತು. ಅದರ ಎದುರಿಗೆ ಆಸ್ತಿಯ ಕಡೆ ಇಲ್ಲದ ಮಾಲೊಂದು ನಿಂತಿತು. ಬ್ಯಾಲೆನ್ಸ್ ಶೀಟ್ ಚೆನ್ನಾಗಿ ಕೂಡಿತು. ಆ ಲಾಭದ ಮೇಲೆ ತೆರಿಗೆಯನ್ನೂ ಕಟ್ಟಿ ಆಗಿತ್ತು, ಪಾಲುದಾರರು ಪಾಲನ್ನೂ ಹಂಚಿಕೊಂಡಿದ್ದರು.

ಸರಿಪಡಿಸಿದ್ದು ಒಂದೇ ನಮೂದಿನಲ್ಲಿ. ದಾರಿಯಲ್ಲಿರುವ ಮಾಲಿಗೆ 58,200 ಕ್ರೆಡಿಟ್, ಎದುರಿಗೆ ಹಿಂದಿನ ವರ್ಷದ ತಪ್ಪಿನ ಹೊಂದಾಣಿಕೆ ಎಂದು ಲಾಭ-ನಷ್ಟದಲ್ಲಿ ಬೇರೆ ಸಾಲು. ಈ ವರ್ಷದ ಖರೀದಿಯಲ್ಲೋ ಖರ್ಚಿನಲ್ಲೋ ಸುಮ್ನೆ ಸೇರಿಸಿದ್ದರೆ ಈ ವರ್ಷದ ವ್ಯಾಪಾರದ ಲಾಭವೇ ಕುಗ್ಗಿದಂತೆ ಕಾಣುತ್ತಿತ್ತು. ಶಾಖೆಯ ಖಾತೆಯನ್ನು ಮುಟ್ಟಲಿಲ್ಲ. ಹೋದ ವರ್ಷದ ತೇಪೆಯೇ ಅದನ್ನು ಸರಿಯಾದ ಬಾಕಿಗೆ ತಂದಿಟ್ಟಿತ್ತು. ಮೊತ್ತ ಸರಿ, ಹೆಸರು ಸುಳ್ಳು.

ಈ ವರ್ಷದ 2,06,100

ಈಗ ಹೊಸದು. 2024ರ ಮಾರ್ಚ್ 31 ಭಾನುವಾರ. 29 ಗುಡ್ ಫ್ರೈಡೆ. ಏಪ್ರಿಲ್ 1 ಬ್ಯಾಂಕುಗಳಿಗೆ ಅವರ ವರ್ಷದ ಲೆಕ್ಕ ಮುಗಿಸುವ ದಿನ, ಗ್ರಾಹಕರಿಗೆ ಬಾಗಿಲು ಇಲ್ಲ. ಹಾಗಾಗಿ ವರ್ಷದ ಕೊನೆಯ ವ್ಯವಹಾರವೆಲ್ಲ 30ರ ಶನಿವಾರದ ಮೇಲೆ ಬಿದ್ದಿತ್ತು. ಇಂಥ ವರ್ಷದಲ್ಲಿ ದಾರಿಯಲ್ಲಿ ಏನಾದರೂ ಸಿಕ್ಕಿಕೊಂಡೇ ಇರುತ್ತದೆ.

ಸಿಕ್ಕಿಕೊಂಡಿತ್ತು. ಶನಿವಾರ ಸಂಜೆ ಹಾಸನದಿಂದ 1,36,400ರ ಮಾಲು ಹೊರಟಿತ್ತು: ಎಂಟು ಪವರ್ ಸ್ಪ್ರೇಯರ್, ತಲಾ 11,800, ಹನ್ನೆರಡು ಸುತ್ತು ಹೋಸ್, ಒಂದೊಂದು ಸುತ್ತು 3,500. ಶಾಖೆಯ ಪುಸ್ತಕಕ್ಕೆ ಬಂದದ್ದು ಏಪ್ರಿಲ್ 2ಕ್ಕೆ. ಎರಡೂ ಒಂದೇ ಜಿಎಸ್‌ಟಿ ನಂಬರಿನಡಿ ಇರುವುದರಿಂದ ಈ ಸಾಗಣೆಗೆ ತೆರಿಗೆ ಇಲ್ಲ, ಡೆಲಿವರಿ ಚಲನ್ ಮೇಲೆ ಹೋಗುತ್ತದೆ. 50,000 ಮೀರಿದ್ದರಿಂದ ಇ-ವೇ ಬಿಲ್ ಇತ್ತು, ಅದರಲ್ಲಿ ತಾರೀಕು, ಗಾಡಿ ನಂಬರು ಎಲ್ಲ ಇತ್ತು. ಇಂಥ ಕಾಗದ ಕೈಯಲ್ಲಿದ್ದರೆ ಮಾಲು ದಾರಿಯಲ್ಲಿತ್ತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಅದೇ ಶನಿವಾರ ಶಾಖೆಯ ಮೇಡಂ 90,000ದ ಚೆಕ್ಕು ಬರೆದು ಕವರಿನಲ್ಲಿ ಕಳಿಸಿದ್ದರು. ಅವರ ಪುಸ್ತಕದಲ್ಲಿ ಹೆಡ್ ಆಫೀಸಿನ ಖಾತೆಗೆ ಅವತ್ತೇ ಡೆಬಿಟ್. ಹಾಸನ ಅದನ್ನು ಬರೆದುಕೊಂಡದ್ದು ಏಪ್ರಿಲ್ 1ಕ್ಕೆ, ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಬಂದದ್ದು 3ಕ್ಕೆ. (ಈ ಕಾಲದಲ್ಲೂ ಚೆಕ್ಕು ಯಾಕೆ ಎಂದರೆ, ಯಜಮಾನರಿಗೆ ಸಹಿ ಕಾಣಬೇಕು. ಆ ಚರ್ಚೆಗೆ ನಾನು ಹೋಗಲಿಲ್ಲ.)

1,36,400ಕ್ಕೆ 90,000 ಸೇರಿದರೆ 2,26,400. ನಮಗೆ ಬೇಕಿದ್ದದ್ದು 2,06,100. ಹುಡುಕಿದ್ದು ಕಡಿಮೆ ಬಿದ್ದಿರಲಿಲ್ಲ, 20,300 ಜಾಸ್ತಿಯಾಗಿತ್ತು!

ಅಕೌಂಟೆಂಟಿಗೆ ಇದು ವಿಚಿತ್ರವಾಗಿ ಕಂಡಿತು. "ಹಾಗಾದ್ರೆ ಇವೆರಡರಲ್ಲಿ ಒಂದು ತಪ್ಪಿರಬೇಕು" ಎಂದರು. ಹಾಗೇನಿಲ್ಲ. ವ್ಯತ್ಯಾಸ ಎಂದು ಕಾಣುವುದು ಕೂಡಿ ಕಳೆದ ಮೇಲೆ ಉಳಿದದ್ದು. ಕೆಲವು ತಪ್ಪು ಒಂದು ಕಡೆಗೆ ಎಳೆದರೆ ಕೆಲವು ಇನ್ನೊಂದು ಕಡೆಗೆ ಎಳೆಯುತ್ತವೆ. ಕಂಡದ್ದಕ್ಕಿಂತ ಜಾಸ್ತಿ ಸಿಕ್ಕಿದೆ ಎಂದರೆ ಎದುರು ದಿಕ್ಕಿನದ್ದು ಯಾವುದೋ ಇನ್ನೂ ಸಿಕ್ಕಿಲ್ಲ ಎಂದರ್ಥ.

ತಪ್ಪು ಜಾಡು

ಇಲ್ಲಿ ನಾವು ಅರ್ಧ ದಿನ ಕಳೆದುಕೊಂಡೆವು. ಅದರಲ್ಲಿ ನನ್ನ ಪಾಲೂ ಇದೆ.

ಹಿಂದಿನ ದಿನ ಅರ್ಧ ಮಾಡುವ ಉಪಾಯ ಫಲ ಕೊಟ್ಟಿತ್ತಲ್ಲ, ಅದೇ ಉಮೇದಿನಲ್ಲಿ 20,300ನ್ನೂ ಅರ್ಧ ಮಾಡಿದೆವು. 10,150. ಹುಡುಕಿದೆವು. ಸಿಕ್ಕೇಬಿಟ್ಟಿತು! ನವೆಂಬರಿನಲ್ಲಿ 10,150ರ ಒಂದು ಲಾರಿ ಬಾಡಿಗೆ ವೋಚರ್. ಶಾಖೆ ಅದನ್ನು ಹೆಡ್ ಆಫೀಸಿಗೆ ಕ್ರೆಡಿಟ್ ಮಾಡಿತ್ತು. "ಇದೇ ಸಾರ್, ಇವರು ಡೆಬಿಟ್ ಮಾಡ್ಬೇಕಿತ್ತು" ಎಂದು ಅಕೌಂಟೆಂಟ್ ತಿರುವುಮುರುವು ಮಾಡುವ ಜರ್ನಲ್ ಬರೆಯಲು ಶುರು ಮಾಡಿಯೇಬಿಟ್ಟರು. ಬರೆದಿದ್ದರೆ ಖಾತೆ ಪೈಸೆಗೆ ಪೈಸೆ ಕೂಡುತ್ತಿತ್ತು. ಯಾರೂ ಪ್ರಶ್ನೆ ಕೇಳುತ್ತಿರಲಿಲ್ಲ.

ವೋಚರಿನ ಕಾಗದ ತೆಗೆಸಿದೆ. ಬಾಡಿಗೆ ಕೊಟ್ಟವರು ಹಾಸನದವರು. ಕೊಟ್ಟದ್ದು ಶಾಖೆಗೆ ಹೋದ ಮಾಲಿಗಾಗಿ. ಹಾಸನ ಶಾಖೆಗೆ ಡೆಬಿಟ್ ಮಾಡಿದೆ, ಶಾಖೆ ಬಾಡಿಗೆ ಖರ್ಚು ತೋರಿಸಿ ಹೆಡ್ ಆಫೀಸಿಗೆ ಕ್ರೆಡಿಟ್ ಮಾಡಿದೆ. ಎರಡೂ ಕಡೆ ಸರಿಯಾಗಿದೆ. ಮೊತ್ತ ಹೊಂದಿದ್ದು ಬರೀ ಕಾಕತಾಳೀಯ.

ಅರ್ಧ ಮಾಡುವುದು, ಒಂಬತ್ತರಿಂದ ಭಾಗಿಸುವುದು, ಇವೆಲ್ಲ ಒಂದೇ ತಪ್ಪು ಉಳಿದಿರುವಾಗ ಮಾತ್ರ ಕೆಲಸ ಮಾಡುತ್ತವೆ. ಹೋದ ವರ್ಷ ಇದ್ದದ್ದು ಒಂದೇ ತಪ್ಪು, ಆದ್ದರಿಂದ 29,100 ಸಿಕ್ಕಿತು. 20,300 ಅನ್ನುವುದು ಹಲವು ತಪ್ಪುಗಳ ಗಂಟು. ಗಂಟನ್ನು ಅರ್ಧ ಮಾಡಿ ಏನು ಪ್ರಯೋಜನ?

ಆಮೇಲೆ ಬೇರೆ ದಾರಿಯೇ ಇರಲಿಲ್ಲ. ಎರಡೂ ಲೆಡ್ಜರನ್ನು ಪ್ರಿಂಟ್ ತೆಗೆದು, ಏಪ್ರಿಲ್ 1, 2023ರಿಂದ ಒಂದೊಂದೇ ಸಾಲು ಟಿಕ್ ಹಾಕುತ್ತ ಬಂದೆವು. ಹಾಸನದ ಡೆಬಿಟ್ಟಿಗೆ ಶಾಖೆಯ ಕ್ರೆಡಿಟ್, ಹಾಸನದ ಕ್ರೆಡಿಟ್ಟಿಗೆ ಶಾಖೆಯ ಡೆಬಿಟ್. ಅಕೌಂಟೆಂಟ್ ಹಾಸನದ ಸಾಲು ಓದುವುದು, ಫೋನಿನ ಆ ಕಡೆ ಮೇಡಂ ತಮ್ಮಲ್ಲಿದೆಯೋ ಇಲ್ಲವೋ ಹೇಳುವುದು. ಒಂದೂವರೆ ದಿನ ಹಿಡಿಯಿತು. ಕೊನೆಗೆ ಟಿಕ್ ಬೀಳದೆ ಉಳಿದವು ಒಂದು ಪುಟಕ್ಕೂ ಕಡಿಮೆ.

ಉಳಿದ ಮೂರು

ಮೊದಲನೆಯದು 18,600. ಶಾಖೆಯ ಅಂಗಡಿ, ಗೋದಾಮಿನ ವಿಮೆಯ ಕಂತನ್ನು ಹಾಸನದಿಂದ ಕಟ್ಟಿ, ಶಾಖೆಗೆ ಡೆಬಿಟ್ ಮಾಡಿದ್ದರು. ಶಾಖೆಗೆ ತಿಳಿಸಿರಲಿಲ್ಲ. ಮೇಡಂ ಹೇಳಿದ ಮಾತು ಸರಿಯಾಗಿತ್ತು: "ನಂಗೆ ಕಾಗದ ಬಂದ್ರೆ ತಾನೆ ಸಾರ್ ಬರೆಯೋದು?" ಹೀಗೆ ಬಿಟ್ಟುಹೋದ ಖರ್ಚು ಎರಡು ಪುಸ್ತಕದ ನಡುವೆ ಬಿದ್ದುಹೋಗುತ್ತದೆ. ಹಾಸನ ಅದನ್ನು ಶಾಖೆಯಿಂದ ಬರಬೇಕಾದ ಬಾಕಿ ಎಂದುಕೊಂಡಿದೆ, ಶಾಖೆಗೆ ಅದು ಗೊತ್ತೇ ಇಲ್ಲ. ಖರ್ಚು ಎಂದು ಯಾರೂ ತೋರಿಸಿಲ್ಲ.

ಎರಡನೆಯದು 3,600. ಆಗಸ್ಟಿನಲ್ಲಿ ಶಾಖೆ ವಾಪಸ್ ಕಳಿಸಿದ ಮಾಲು 27,300. ಹಾಸನದಲ್ಲಿ ಬರೆದದ್ದು 23,700. ಮೂರು ಏಳು ಅದಲುಬದಲು. 3,600 ಒಂಬತ್ತರಿಂದ ಭಾಗವಾಗುತ್ತದೆ, ಅಂಕಿ ಅದಲುಬದಲಾದಾಗ ಯಾವಾಗಲೂ ಹಾಗೇ. ಆದರೆ ಅದು ಗಂಟಿನೊಳಗೆ ಇರುವವರೆಗೂ ಆ ಗುಣ ಹೊರಗೆ ಕಾಣುವುದಿಲ್ಲ. 20,300 ಒಂಬತ್ತರಿಂದ ಭಾಗವಾಗುವುದಿಲ್ಲ.

ಮೂರನೆಯದು, ಎದುರು ದಿಕ್ಕಿನದು, 42,500. ಮಾರ್ಚ್ 18ರಂದು ಶಾಖೆ ನಗದು ಪಡೆದು ಹೆಡ್ ಆಫೀಸಿಗೆ ಕ್ರೆಡಿಟ್ ಮಾಡಿತ್ತು. ಹಾಸನದಲ್ಲಿ ಅದಕ್ಕೆ ಜೋಡಿ ಸಾಲು ಇರಲಿಲ್ಲ. ಮೇಡಂಗೆ ಯಾರು ಕಟ್ಟಿದ್ದು ಎಂದು ತಕ್ಷಣ ನೆನಪಾಗಲಿಲ್ಲ, ರಸೀತಿ ಪುಸ್ತಕ ನೋಡಿ ಹೇಳುತ್ತೇನೆ ಎಂದರು. ಅವರು ಹೇಳುವ ಮೊದಲೇ ಉತ್ತರ ತಾನಾಗಿ ಬಾಗಿಲಿಗೆ ಬಂತು.

ಮೂಡಿಗೆರೆ ಕಡೆಯ ಒಬ್ಬ ಬೆಳೆಗಾರರು. ಹಾಸನದಲ್ಲಿ ಸಾಲಕ್ಕೆ ಪಂಪು ತೆಗೆದುಕೊಂಡಿದ್ದರು. ಬಾಕಿ ಕಟ್ಟಿ ಎಂದು ಹೆಡ್ ಆಫೀಸಿನ ಹುಡುಗ ಎರಡು ಸಲ ಫೋನ್ ಮಾಡಿದ್ದ. ಮೂರನೇ ಸಲಕ್ಕೆ ಅವರೇ ಬಂದರು. ಅಂಗಿ ಜೇಬಿನಿಂದ ನಾಲ್ಕು ಮಡಿಕೆಯ ಹಳದಿ ರಸೀತಿ ತೆಗೆದು ಟೇಬಲ್ಲಿನ ಮೇಲೆ ಇಟ್ಟರು. "ಏನ್ರೀ, ಚಿಕ್ಮಗ್ಳೂರಲ್ಲಿ ದುಡ್ಡು ಕಟ್ಟಿ ತಿಂಗ್ಳಾಯ್ತು. ಅದು ನಿಮ್ದೇ ಅಂಗ್ಡಿ ಅಲ್ವಾ?"

42,500. ಶಾಖೆಯ ಮೊಹರು, ಮಾರ್ಚ್ 18.

ಯಜಮಾನರು ಎದ್ದುನಿಂತು "ಗೌಡ್ರೆ, ತಪ್ಪಾಯ್ತು, ಕೂತ್ಕೊಳ್ಳಿ" ಎಂದರು. ಅವರು ಹೋದ ಮೇಲೆ ಹಾಸನದಲ್ಲಿ ಶಾಖೆಗೆ ಡೆಬಿಟ್, ಅವರ ಖಾತೆಗೆ ಕ್ರೆಡಿಟ್ ಬಿತ್ತು. ಇದರಲ್ಲಿ ಲಾಭ-ನಷ್ಟದ ಮಾತಿಲ್ಲ. ಆದರೆ ಐದು ಬಾಬ್ತುಗಳಲ್ಲಿ ಗಿರಾಕಿಯ ಮುಂದೆ ತಲೆ ತಗ್ಗಿಸುವ ಹಾಗೆ ಮಾಡಿದ್ದು ಇದೊಂದೇ. ಯಜಮಾನರು ಈ ಕೆಲಸವನ್ನು ಗಂಭೀರವಾಗಿ ತೆಗೆದುಕೊಂಡದ್ದೂ ಅವತ್ತಿನಿಂದಲೇ. ನಾನು 58,200ರ ಬಗ್ಗೆ ಅರ್ಧ ಗಂಟೆ ವಿವರಿಸಿದ್ದಾಗ ಅವರು ಮೊಬೈಲ್ ನೋಡುತ್ತಿದ್ದರು.

ಯಾರ ಪುಸ್ತಕದಲ್ಲಿ ಬರೆಯುವುದು

ಕಾರಣ ಸಿಕ್ಕ ಮೇಲೂ ಒಂದು ನಿರ್ಧಾರ ಉಳಿದಿತ್ತು. ದಾರಿಯಲ್ಲಿರುವ ಮಾಲಿನ ಹೊಂದಾಣಿಕೆಯನ್ನು ಹಾಸನದಲ್ಲೂ ಮಾಡಬಹುದು, ಶಾಖೆಯಲ್ಲೂ ಮಾಡಬಹುದು. ಪದ್ಧತಿ ಎರಡೂ ಇದೆ. ಎರಡೂ ಕಡೆ ಮಾಡಿದರೆ ಮಾತ್ರ ವ್ಯತ್ಯಾಸ ಹೋಗುವ ಬದಲು ಅಷ್ಟೇ ಮೊತ್ತಕ್ಕೆ ಉಲ್ಟಾ ನಿಲ್ಲುತ್ತದೆ. ಹೀಗೆ ಆಗುವುದನ್ನು ನಾನು ಬೇರೆ ಕಡೆ ನೋಡಿದ್ದೇನೆ. ಇಬ್ಬರೂ ಒಳ್ಳೆಯ ಮನಸ್ಸಿನಿಂದ, ಒಬ್ಬರಿಗೊಬ್ಬರು ಹೇಳದೆ ಸರಿ ಮಾಡಿರುತ್ತಾರೆ.

ಇಲ್ಲಿ ಒಂದೇ ನಿಯಮ ಇಟ್ಟುಕೊಂಡೆವು: ಯಾರ ಪುಸ್ತಕದಲ್ಲಿ ನಮೂದು ಇಲ್ಲವೋ, ಅಥವಾ ತಪ್ಪಾಗಿದೆಯೋ, ಅವರೇ ಬರೆಯಬೇಕು. ಮಾಲು ಶಾಖೆಯ ಪುಸ್ತಕದಲ್ಲಿ ಇಲ್ಲ, ಹಾಗಾಗಿ ಶಾಖೆ ಮಾರ್ಚ್ 31ಕ್ಕೆ ದಾರಿಯಲ್ಲಿರುವ ಮಾಲಿಗೆ ಡೆಬಿಟ್, ಹೆಡ್ ಆಫೀಸಿಗೆ ಕ್ರೆಡಿಟ್ ಮಾಡಿತು. ಚೆಕ್ಕು ಹಾಸನದ ಪುಸ್ತಕದಲ್ಲಿ ಇಲ್ಲ, ಹಾಸನ ದಾರಿಯಲ್ಲಿರುವ ಹಣಕ್ಕೆ ಡೆಬಿಟ್, ಶಾಖೆಗೆ ಕ್ರೆಡಿಟ್ ಮಾಡಿತು. ಎಲ್ಲ ಸೇರಿ ಹೀಗಾಯಿತು:

| | ಹಾಸನದಲ್ಲಿ ಶಾಖೆಯ ಖಾತೆ (ಡೆಬಿಟ್) | ಶಾಖೆಯಲ್ಲಿ ಹೆಡ್ ಆಫೀಸಿನ ಖಾತೆ (ಕ್ರೆಡಿಟ್) |
|---|---|---|
| ಪುಸ್ತಕದ ಬಾಕಿ | 18,64,350 | 16,58,250 |
| ದಾರಿಯಲ್ಲಿದ್ದ ಮಾಲು | | + 1,36,400 |
| ದಾರಿಯಲ್ಲಿದ್ದ ಚೆಕ್ಕು | − 90,000 | |
| ಶಾಖೆಯ ವಿಮೆ | | + 18,600 |
| ವಾಪಸ್ ಮಾಲಿನ ಅಂಕಿ ತಪ್ಪು | − 3,600 | |
| ಶಾಖೆಯಲ್ಲಿ ಕಟ್ಟಿದ ಹಾಸನದ ಬಾಕಿ | + 42,500 | |
| ಸರಿಯಾದ ಬಾಕಿ | 18,13,250 | 18,13,250 |

ಈ ಸಂಸ್ಥೆ ಶಾಖೆಗೆ ಅಸಲು ಬೆಲೆಗೇ ಮಾಲು ಕಳಿಸುವುದರಿಂದ ಕೆಲಸ ಇಲ್ಲಿಗೆ ನಿಂತಿತು. ಅಸಲಿನ ಮೇಲೆ ಶೇಕಡಾ 20 ಏರಿಸಿ ಕಳಿಸುವವರಾಗಿದ್ದರೆ, ಶಾಖೆಯಲ್ಲಿ ಉಳಿದ ಮಾಲಿನಲ್ಲೂ ದಾರಿಯಲ್ಲಿದ್ದ ಮಾಲಿನಲ್ಲೂ ಆರನೇ ಒಂದು ಪಾಲು ಇನ್ನೂ ಗಳಿಸದ ಲಾಭ. ಅದನ್ನು ಸೇರಿಸಿದ ಲೆಕ್ಕದಿಂದ ತೆಗೆಯಬೇಕಾಗುತ್ತಿತ್ತು. ಶಾಖೆಯ ದಾಸ್ತಾನಿಗೆ ತೆಗೆದು, ದಾರಿಯಲ್ಲಿದ್ದದ್ದಕ್ಕೆ ಮರೆಯುವವರು ಜಾಸ್ತಿ.

ಖಾತೆ ಕೂಡಿದ ಮೇಲೆ

ಎರಡೂ ಬಾಕಿ 18,13,250ಕ್ಕೆ ನಿಂತಾಗ ಅಕೌಂಟೆಂಟ್ ಪೆನ್ನಿನ ಮುಚ್ಚಳ ಹಾಕಿದರು. ನಾನೂ ಚೀಲ ಎತ್ತಿಕೊಂಡಿದ್ದೆ. ಹೊರಡುವ ಹೊತ್ತಿಗೆ ಗೋದಾಮಿನವರನ್ನು ಸುಮ್ನೆ ಕೇಳಿದೆ, "ದಾಸ್ತಾನು ಎಣಿಸಿದ್ದು ಯಾವತ್ತು?"

"ಶನಿವಾರ ಮಧ್ಯಾಹ್ನ ಸಾರ್. ಭಾನುವಾರ ಯಾರ್ ಬರ್ತಾರೆ?"

ಚೀಲ ಕೆಳಗಿಟ್ಟೆ.

ಎಣಿಸಿದ್ದು ಶನಿವಾರ ಮಧ್ಯಾಹ್ನ. ಮಾಲು ಲೋಡ್ ಆಗಿದ್ದು ಅದೇ ಸಂಜೆ. ಪಟ್ಟಿಯಲ್ಲಿ ಆ ಮಾದರಿಯ ಪವರ್ ಸ್ಪ್ರೇಯರ್ ಹನ್ನೊಂದು ಎಂದಿತ್ತು. ಏಪ್ರಿಲ್ 1ರ ಬೆಳಗ್ಗೆ ಗೋದಾಮಿನಲ್ಲಿ ಇದ್ದದ್ದು ಮೂರು, ನಡುವೆ ಒಂದೂ ಮಾರಾಟವಾಗಿಲ್ಲ. ಕಾಣೆಯಾದ ಎಂಟು ಚಿಕ್ಕಮಗಳೂರಿಗೆ ಹೊರಟ ಎಂಟೇ. ಹೋಸ್ ಕೂಡ ಹಾಗೇ. 1,36,400ರ ಮಾಲು ಹಾಸನದ ದಾಸ್ತಾನಿನಲ್ಲೂ ಇತ್ತು, ದಾರಿಯಲ್ಲೂ ಇತ್ತು. ಹಾಸನದ ಪಟ್ಟಿಯಿಂದ ತೆಗೆಸಿದೆ.

ಶಾಖೆ ಖಾತೆ ಮತ್ತು ಹೆಡ್ ಆಫೀಸು ಖಾತೆ ಕೂಡುವುದಕ್ಕೂ ದಾಸ್ತಾನು ಸರಿ ಇರುವುದಕ್ಕೂ ಸಂಬಂಧವೇ ಇಲ್ಲ. ಈ ತಪ್ಪು ಯಾವ ಟಿಕ್‌ನಲ್ಲೂ ಸಿಗುತ್ತಿರಲಿಲ್ಲ. ದಾರಿಯಲ್ಲಿರುವ ಮಾಲು ಎಂದು ಒಂದು ಸಾಲು ಬರೆದ ಕೂಡಲೇ, ಕಳಿಸಿದವರ ಎಣಿಕೆಯಲ್ಲಿ ಅದು ಇಲ್ಲ ಎಂದೂ ನೋಡಬೇಕು. ನಾನು ಅದನ್ನು ಮೊದಲೇ ಕೇಳಬೇಕಿತ್ತು, ಬಾಗಿಲ ಹತ್ತಿರ ನಿಂತಾಗ ಅಲ್ಲ.

ಕರಡಿನಲ್ಲಿ ತೋರಿಸಿದ್ದ ಲಾಭ ಒಟ್ಟು 2,16,800 ಇಳಿಯಿತು. ಅದರಲ್ಲಿ 1,36,400 ಈ ಎರಡು ಸಲದ ಎಣಿಕೆ, 58,200 ಹಳೆಯದು, ಉಳಿದದ್ದು ವಿಮೆ ಮತ್ತು ಆ ಅಂಕಿ ತಪ್ಪು. ವ್ಯತ್ಯಾಸ 2,06,100, ಲಾಭ ಇಳಿದದ್ದು 2,16,800, ಎರಡೂ ಹತ್ತಿರ ಹತ್ತಿರ ಇರುವುದನ್ನು ನೋಡಿ ಯಜಮಾನರು "ಅಂದ್ರೆ ಆ ಎರಡು ಲಕ್ಷ ಹೋಯ್ತು ಅನ್ನಿ" ಎಂದರು. ಅಲ್ಲ ಎಂದು ಬಿಡಿಸಿ ಹೇಳಿದೆ. ವ್ಯತ್ಯಾಸದಲ್ಲಿದ್ದ ಚೆಕ್ಕು, ಗೌಡರ ದುಡ್ಡು ಎರಡೂ ಲಾಭವನ್ನು ಮುಟ್ಟಿಲ್ಲ. ಲಾಭ ಇಳಿಸಿದ ದೊಡ್ಡ ಬಾಬ್ತು ವ್ಯತ್ಯಾಸದಲ್ಲಿ ಕಂಡೇ ಇರಲಿಲ್ಲ. ಅವರು ತಲೆಯಾಡಿಸಿದರು. ಒಪ್ಪಿದರೋ ಇಲ್ಲವೋ ಗೊತ್ತಿಲ್ಲ.

ಆಮೇಲೆ

ಬದಲಾಯಿಸಿದ್ದು ಜಾಸ್ತಿ ಏನಿಲ್ಲ. ಒಬ್ಬರ ಪರವಾಗಿ ಇನ್ನೊಬ್ಬರು ದುಡ್ಡು ಕೊಟ್ಟರೆ, ಪಡೆದರೆ, ಮಾಲು ಕಳಿಸಿದರೆ, ವಾಪಸ್ ಮಾಡಿದರೆ ಕ್ರಮಸಂಖ್ಯೆ ಇರುವ ಅಡ್ವೈಸ್ ಚೀಟಿ ಒಂದು ಹೋಗಬೇಕು. ಅದರ ಫೋಟೋ ಅವತ್ತೇ ವಾಟ್ಸಾಪಿನಲ್ಲಿ, ಮೂಲ ಪ್ರತಿ ಮುಂದಿನ ಗಾಡಿಯಲ್ಲಿ. ಆ ನಂಬರನ್ನೇ ಇಬ್ಬರೂ ವೋಚರಿನ ವಿವರಣೆಯಲ್ಲಿ ಬರೆಯಬೇಕು. ನಂಬರು ನಡುವೆ ಒಂದು ತಪ್ಪಿದರೆ ಯಾವ ಕಾಗದ ಬಂದಿಲ್ಲ ಎಂದು ಟಿಕ್ ಹಾಕದೇ ಗೊತ್ತಾಗುತ್ತದೆ. ತಿಂಗಳ 5ನೇ ತಾರೀಕಿನೊಳಗೆ ಇಬ್ಬರೂ ಫೋನಿನಲ್ಲಿ ಬಾಕಿ ಹೇಳಿಕೊಳ್ಳುತ್ತಾರೆ. ದಾಸ್ತಾನು ಎಣಿಸಿದ ಮೇಲೆ ಗೋದಾಮಿನ ಬೀಗ ವರ್ಷ ಮುಗಿಯುವವರೆಗೂ ತೆಗೆಯುವ ಹಾಗಿಲ್ಲ.

ಈ ಕೊನೆಯದಕ್ಕೆ ವ್ಯಾಪಾರದವರು ಗೊಣಗಿದರು. ಮಾರ್ಚ್ ಕೊನೆಯಲ್ಲಿ ತೋಟದವರಿಗೆ ನೀರು ಹಾಯಿಸುವ ಹೊತ್ತು, ಪಂಪು ಕೇಳಿಕೊಂಡು ಬರುತ್ತಾರೆ. ಬೀಗ ಹಾಕಿ ಕೂತರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಅದೂ ನಿಜ. ಹಾಗಾಗಿ ಎಣಿಸಿದ ಮೇಲೆ ಹೊರಟದ್ದನ್ನು ಪಟ್ಟಿಯ ಕೊನೆಯಲ್ಲಿ ಕೆಂಪು ಶಾಯಿಯಲ್ಲಿ ಬರೆದು ಕಳೆಯುವುದು ಎಂದು ರಾಜಿಯಾಯಿತು.

2025ರಲ್ಲಿ ಮಾರ್ಚ್ 30ರ ಭಾನುವಾರ ಯುಗಾದಿ, ಮಾರನೆ ದಿನ ರಂಜಾನ್. ಶಾಖೆಗೆ ಕೊನೆಯ ಗಾಡಿ 28ರ ಶುಕ್ರವಾರವೇ ಹೋಗಿ, ಸಂಜೆಯೊಳಗೆ ಮೇಡಂ ಚೀಟಿಯ ನಂಬರು ಹಾಕಿ ಮಾಲು ಬರೆದುಕೊಂಡಿದ್ದರು. ದಾರಿಯಲ್ಲಿರುವ ಮಾಲಿನ ಖಾತೆ ಆ ವರ್ಷ ತೆರೆಯಲೇ ಇಲ್ಲ. ಏಪ್ರಿಲ್ 4ರಂದು ಅಕೌಂಟೆಂಟ್ ಫೋನ್ ಮಾಡಿದರು. "ಸಾರ್, 640 ರೂಪಾಯಿ ಕೂಡ್ತಾ ಇಲ್ಲ."

"ಅರ್ಧ ಮಾಡಿದ್ರಾ?"

"ಇಲ್ಲ ಸಾರ್, 117ನೇ ಚೀಟಿ ಅವರತ್ರ ಇಲ್ಲ. ಕೊರಿಯರ್ ಖರ್ಚು. ಈಗ ಫೋಟೋ ಕಳಿಸ್ದೆ."